ನಿದ್ದೆ ಬರುವ ಹೊತ್ತಿಗೆ ಹಾಸಿಗೆ

ಆಟಿಸಂ ಮತ್ತು ಎ.ಡಿ.ಎಚ್.ಡಿ. ಇರುವ ಮಕ್ಕಳ ಮಲಗುವ ಹೊತ್ತಿನ ಹೋರಾಟ: ಒಂದು ಮನೆಯ ನಿದ್ದೆಯ ಲೆಕ್ಕ

ಎರಡು ವರ್ಷದ ಹಿಂದಿನ ಮಾತು. ನಮ್ಮ ಮಗನಿಗೆ ಆಗ ಏಳು ವರ್ಷ. ಆಟಿಸಂ ಇದೆ ಎಂದು ನಾಲ್ಕನೆಯ ವಯಸ್ಸಿನಲ್ಲೂ, ಜೊತೆಗೆ ಎ.ಡಿ.ಎಚ್.ಡಿ. ಕೂಡ ಇದೆ ಎಂದು ಆರನೆಯ ವಯಸ್ಸಿನಲ್ಲೂ ಗೊತ್ತಾಗಿತ್ತು. ಇಲ್ಲಿ ಅಮೆರಿಕದಲ್ಲಿ ಅವನ ವಯಸ್ಸಿನ ಮಕ್ಕಳು ರಾತ್ರಿ ಎಂಟಕ್ಕೆ ಮಲಗುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದರು. ನಾವೂ ಎಂಟಕ್ಕೆ ದೀಪ ಆರಿಸುತ್ತಿದ್ದೆವು. ಅಲ್ಲಿಂದ ಶುರುವಾಗುತ್ತಿತ್ತು: ನೀರು ಬೇಕು, ಬಚ್ಚಲಿಗೆ ಹೋಗಬೇಕು, ಹೊದಿಕೆ ಚುಚ್ಚುತ್ತಿದೆ, ಗೋಡೆಯಲ್ಲಿ ಸದ್ದು ಬರುತ್ತಿದೆ. ಒಂಬತ್ತಕ್ಕೆ ಅಳು, ಒಂಬತ್ತೂವರೆಗೆ ನನ್ನ ಗದರಿಕೆ. ಹತ್ತು ದಾಟಿದ ಮೇಲೆ ಅವನ ಪಕ್ಕದಲ್ಲಿ ಮಲಗಿಕೊಂಡ ನನ್ನ ಹೆಂಡತಿ ಮೊದಲು ನಿದ್ದೆ ಹೋಗುತ್ತಿದ್ದಳು, ಆಮೇಲೆ ಅವನು.

ಆ ವರ್ಷ ಮೈಸೂರಿನಿಂದ ಬಂದಿದ್ದ ನಮ್ಮ ತಾಯಿ ಒಂದು ವಾರ ಇದನ್ನೆಲ್ಲ ನೋಡಿ, ಕೊನೆಗೆ ಸೊಸೆಗೆ ಹೇಳಿದರು: "ನಿದ್ದೆ ಬರ್ದೇ ಇರೋ ಮಗೂನ ಹಾಸಿಗೆಗೆ ಯಾಕಮ್ಮ ಕಟ್ಟಿ ಹಾಕ್ತೀಯ? ಬಂದಾಗ ಮಲಗುತ್ತೆ ಬಿಡು." ಹಳೆಯ ಕಾಲದವರ ಮಾತು ಎಂದು ನಾವಿಬ್ಬರೂ ಸುಮ್ಮನಾದೆವು. ಮೂರು ತಿಂಗಳ ನಂತರ ನಿದ್ದೆಯ ತಜ್ಞರೊಬ್ಬರು ಹೆಚ್ಚುಕಡಿಮೆ ಅದನ್ನೇ ಹೇಳಿದರು. ವ್ಯತ್ಯಾಸ ಇಷ್ಟೇ, ಅವರು ಅದರ ಜೊತೆಗೆ ಒಂದು ಗಡಿಯಾರವನ್ನೂ ಒಂದು ನೋಟ್‌ಪುಸ್ತಕವನ್ನೂ ಸೇರಿಸಿದರು. ಆ ಸೇರಿಸಿದ ಭಾಗವೇ ಈ ಲೇಖನದ ವಿಷಯ.

ನಾನು ವೈದ್ಯನಲ್ಲ. ನಮ್ಮ ಸಂಘದಲ್ಲಿ ಇಂಥ ಮಕ್ಕಳಿರುವ ಮನೆಗಳು ಹಲವು ಇವೆ, ಮತ್ತು ರಾತ್ರಿಯ ಈ ಸಂಕಟದ ಬಗ್ಗೆ ನಾವು ಪಾಟ್‌ಲಕ್ ಊಟದ ಸಾಲಿನಲ್ಲಿ ನಿಂತು ಪಿಸುಮಾತಿನಲ್ಲಿ ಮಾತ್ರ ಮಾತಾಡುತ್ತೇವೆ. ಆದ್ದರಿಂದ ಓದಿ ತಿಳಿದದ್ದನ್ನೂ ಮಾಡಿ ನೋಡಿದ್ದನ್ನೂ ಲೆಕ್ಕದ ಸಮೇತ ಇಲ್ಲಿ ಬರೆದಿದ್ದೇನೆ.

ಹಠವೋ, ಗಡಿಯಾರವೋ?

ನಿದ್ದೆ ಬರಲು ನಮ್ಮೊಳಗೆ ಎರಡು ಸಂಗತಿಗಳು ಕೂಡಿಬರಬೇಕು. ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೇಲಿ 1982ರಲ್ಲಿ ಮುಂದಿಟ್ಟ ಈ ವಿವರಣೆಯನ್ನೇ ಇಂದಿಗೂ ನಿದ್ದೆಯ ವೈದ್ಯರು ಬಳಸುತ್ತಾರೆ. ಮೊದಲನೆಯದನ್ನು ನಿದ್ದೆಯ ಹಸಿವು ಎನ್ನೋಣ. ಎದ್ದ ಕ್ಷಣದಿಂದ ಅದು ಬೆಳೆಯುತ್ತಾ ಹೋಗುತ್ತದೆ, ಮಲಗಿದಾಗ ಇಳಿಯುತ್ತದೆ. ಎರಡನೆಯದು ದೇಹದ ಗಡಿಯಾರ. ಹಸಿವು ಎಷ್ಟೇ ಇರಲಿ, ಇದು ದಿನದ ಇಂಥ ಹೊತ್ತಿಗೆ ಎಚ್ಚರ, ಇಂಥ ಹೊತ್ತಿಗೆ ನಿದ್ದೆ ಎಂದು ಬಾಗಿಲು ತೆರೆದು ಮುಚ್ಚುತ್ತದೆ.

ಇಲ್ಲಿ ಒಂದು ವಿಚಿತ್ರವಿದೆ. ನಿದ್ದೆಯ ಬಾಗಿಲು ತೆರೆಯುವ ಮುಂಚಿನ ಒಂದೆರಡು ಗಂಟೆಗಳೇ ಇಡೀ ದಿನದಲ್ಲಿ ನಿದ್ದೆ ಬರುವುದು ಅತ್ಯಂತ ಕಷ್ಟವಾದ ಹೊತ್ತು. ಇಸ್ರೇಲಿನ ಪೆರೆಟ್ಸ್ ಲಾವೀ ಇದನ್ನು 1986ರಲ್ಲಿ ತೋರಿಸಿದರು. ಅವರ ಪ್ರಯೋಗದಲ್ಲಿ ಭಾಗವಹಿಸಿದವರು ಪ್ರತಿ 20 ನಿಮಿಷಕ್ಕೊಮ್ಮೆ ಏಳು ನಿಮಿಷ ಹಾಸಿಗೆಯಲ್ಲಿ ಮಲಗಿ ನಿದ್ದೆಗೆ ಪ್ರಯತ್ನಿಸಬೇಕಿತ್ತು, ಉಳಿದ 13 ನಿಮಿಷ ಎದ್ದಿರಬೇಕಿತ್ತು. ಸಂಜೆಯ ಒಂದು ಅವಧಿಯಲ್ಲಿ, ಹಿಂದಿನ ರಾತ್ರಿ ನಿದ್ದೆಗೆಟ್ಟವರಿಗೂ ಕಣ್ಣು ಮುಚ್ಚಲಾಗಲಿಲ್ಲ. ಅದನ್ನು ಅವರು ನಿದ್ದೆಗೆ 'ನಿಷಿದ್ಧ ವಲಯ' ಎಂದು ಕರೆದರು.

ಈಗ ನಮ್ಮ ಮನೆಯ ಎಂಟು ಗಂಟೆಗೆ ಬನ್ನಿ. ಮಗನ ದೇಹದಲ್ಲಿ ಬಾಗಿಲು ತೆರೆಯುವುದು ಹತ್ತರ ಹೊತ್ತಿಗಾದರೆ, ಎಂಟರಿಂದ ಹತ್ತರವರೆಗಿನ ಹೊತ್ತು ಅವನ ಪಾಲಿಗೆ ಆ ನಿಷಿದ್ಧ ವಲಯವೇ. ಅವನನ್ನು ಸರಿಯಾಗಿ ಆ ಹೊತ್ತಿನಲ್ಲಿಯೇ ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗು ಎನ್ನುತ್ತಿದ್ದೆವು. ಯಾವ ಮಗುವಾದರೂ ಏಳುತ್ತದೆ. ಆಟಿಸಂ ಮತ್ತು ಎ.ಡಿ.ಎಚ್.ಡಿ. ಇರುವ ಅನೇಕ ಮಕ್ಕಳಲ್ಲಿ ಈ ಗಡಿಯಾರವೇ ಸ್ವಲ್ಪ ತಡವಾಗಿ ಓಡುತ್ತದೆ. ಜೊತೆಗೆ ಬಟ್ಟೆಯ ಒರಟು, ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ, ಬಾಗಿಲ ಸಂದಿಯ ಬೆಳಕು ಇವೆಲ್ಲ ಅವರಿಗೆ ನಮಗಿಂತ ಹೆಚ್ಚು ತಾಕುತ್ತವೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ದಿನವೂ ಎರಡು ಗಂಟೆ ಹಾಸಿಗೆಯಲ್ಲಿ ಅತ್ತು, ಬೈಸಿಕೊಂಡು, ಚಡಪಡಿಸಿದ ಮಗುವಿಗೆ ಹಾಸಿಗೆ ಎಂದರೆ ಜಗಳದ ಜಾಗ ಎಂದು ಮನಸ್ಸಿನಲ್ಲಿ ಕೂತುಬಿಡುತ್ತದೆ. ಆಮೇಲೆ ನಿದ್ದೆ ಬರುವ ಹೊತ್ತಿನಲ್ಲಿ ಮಲಗಿಸಿದರೂ ಹಾಸಿಗೆ ಕಂಡೊಡನೆ ಎಚ್ಚರವಾಗುತ್ತದೆ. ನಮ್ಮ ಮಗ ಸೋಫಾದ ಮೇಲೆ ತೂಕಡಿಸುತ್ತಿದ್ದವನು, ಕೋಣೆಗೆ ಎತ್ತಿಕೊಂಡು ಹೋದರೆ ಕಣ್ಣರಳಿಸುತ್ತಿದ್ದ. ಇಂಥದ್ದನ್ನು ಕಂಡರೆ ತೊಂದರೆ ಗಡಿಯಾರವನ್ನು ದಾಟಿ ಹಾಸಿಗೆಯವರೆಗೂ ಬಂದಿದೆ ಎಂದು ತಿಳಿಯಬೇಕು.

ಮೊದಲು ದೇಹವನ್ನು ನೋಡಿಸಿ

ಯಾವ ಉಪಾಯಕ್ಕೂ ಮುನ್ನ ವೈದ್ಯರು ನಮಗೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಕೊಡುತ್ತೇನೆ, ಏಕೆಂದರೆ ಇವುಗಳಿಗೆ ಉತ್ತರ 'ಹೌದು' ಆದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ. ಮಗು ವಾರದ ಹೆಚ್ಚಿನ ರಾತ್ರಿ ಗೊರಕೆ ಹೊಡೆಯುತ್ತದೆಯೇ, ಉಸಿರು ತಡೆದು ಮತ್ತೆ ಎಳೆದುಕೊಳ್ಳುತ್ತದೆಯೇ? ಇದ್ದರೆ ಟಾನ್ಸಿಲ್, ಅಡಿನಾಯ್ಡ್ ಪರೀಕ್ಷೆ ಮತ್ತು ಒಂದು ರಾತ್ರಿಯ ನಿದ್ದೆಯ ಪರೀಕ್ಷೆ ಬೇಕಾಗಬಹುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗಂತೂ ಲಕ್ಷಣ ಕಾಣದಿದ್ದರೂ ನಾಲ್ಕು ವರ್ಷದೊಳಗೆ ಆ ಪರೀಕ್ಷೆ ಆಗಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಮಲಬದ್ಧತೆ, ಹುಳಿತೇಗು, ಹಲ್ಲುನೋವು ಇದೆಯೇ? ಮಾತು ಕಡಿಮೆ ಇರುವ ಮಗು ನೋವನ್ನು ಹೇಳುವುದಿಲ್ಲ, ಎದ್ದು ಕೂರುತ್ತದೆ ಅಷ್ಟೆ. ಫಿಟ್ಸ್ ಇದೆಯೇ? ಎ.ಡಿ.ಎಚ್.ಡಿ. ಔಷಧಿಯನ್ನು ಎಷ್ಟು ಹೊತ್ತಿಗೆ ಕೊಡುತ್ತೀರಿ? ಮಧ್ಯಾಹ್ನ ತಡವಾಗಿ ಕೊಟ್ಟ ಉತ್ತೇಜಕ ಔಷಧಿ ರಾತ್ರಿಯವರೆಗೂ ಎಚ್ಚರ ಉಳಿಸಬಹುದು.

ಕೊನೆಯ ಪ್ರಶ್ನೆ ಕಾಲಿನದು: ಮಲಗಿದ ಮೇಲೆ ಕಾಲು ಒದೆಯುತ್ತಾನೆಯೇ, ಉಜ್ಜು ಎನ್ನುತ್ತಾನೆಯೇ? ನಮ್ಮಲ್ಲಿ ಇತ್ತು. ದಿನವೂ ಅಜ್ಜಿ ಕಾಲು ಒತ್ತುತ್ತಿದ್ದರು, ನಾವು ಅದನ್ನು ಮುದ್ದು ಎಂದುಕೊಂಡಿದ್ದೆವು. ವೈದ್ಯರು ರಕ್ತದಲ್ಲಿ ಫೆರಿಟಿನ್, ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ, ಅಳೆಯಿಸಿದರು. 19 ಬಂತು. ಲ್ಯಾಬಿನ ಕಾಗದದಲ್ಲಿ ಅದರ ಮುಂದೆ 'ಸಾಮಾನ್ಯ' ಎಂದೇ ಇತ್ತು. ರಕ್ತಹೀನತೆಯ ದೃಷ್ಟಿಯಿಂದ ಅದು ಸರಿ. ಆದರೆ ಚಡಪಡಿಸುವ ಕಾಲಿನ ತೊಂದರೆ ಇರುವ ಮಕ್ಕಳಲ್ಲಿ ಫೆರಿಟಿನ್ ಲೀಟರಿಗೆ 50 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕಬ್ಬಿಣಾಂಶ ಕೊಟ್ಟು ನೋಡಬೇಕು ಎಂಬುದು ಈ ಕಾಯಿಲೆಯ ಅಂತರರಾಷ್ಟ್ರೀಯ ತಜ್ಞರ ತಂಡ 2018ರಲ್ಲಿ ಕೊಟ್ಟ ಸಲಹೆ. ಲ್ಯಾಬಿನ ಕಾಗದದಲ್ಲಿ ಅಳತೆ ಮಿಲಿಲೀಟರಿಗೆ ನ್ಯಾನೋಗ್ರಾಂ ಎಂದಿದ್ದರೂ ಅಂಕಿ ಅದೇ. ಆದ್ದರಿಂದ 'ಸಾಮಾನ್ಯ' ಎಂಬ ಪದವನ್ನಷ್ಟೇ ಓದಬೇಡಿ, ಅಂಕಿಯನ್ನು ಓದಿ.

ನಮ್ಮಂಥ ಸಸ್ಯಾಹಾರಿ ಮನೆಗಳಲ್ಲಿ, ಅದರಲ್ಲೂ ಬಿಳಿ ಅನ್ನ, ಮೊಸರು, ಹಾಲು ಬಿಟ್ಟು ಬೇರೇನೂ ಮುಟ್ಟದ ಮಗುವಿನಲ್ಲಿ ಈ ಅಂಕಿ ಕಡಿಮೆ ಇರುವುದು ಆಶ್ಚರ್ಯವಲ್ಲ. ಹಾಲು ಹೆಚ್ಚಾದಷ್ಟೂ ಊಟ ಕಡಿಮೆಯಾಗುತ್ತದೆ, ಕಬ್ಬಿಣಾಂಶ ಹೀರಿಕೆಯೂ ತಗ್ಗುತ್ತದೆ. ವೈದ್ಯರು ಬರೆದ ಅಳತೆಯಲ್ಲಿ ಮೂರು ತಿಂಗಳು ಕಬ್ಬಿಣದ ಸಿರಪ್ಪನ್ನು ಕಿತ್ತಳೆ ರಸದ ಜೊತೆ, ಹಾಲಿನಿಂದ ದೂರವಾದ ಹೊತ್ತಿನಲ್ಲಿ ಕೊಟ್ಟೆವು. ಇದನ್ನು ತಾವಾಗಿಯೇ ಕೊಡಬಾರದು. ಕಬ್ಬಿಣಾಂಶ ಹೆಚ್ಚಾದರೆ ಮಕ್ಕಳಿಗೆ ವಿಷ. ಕಾಲು ಒದೆಯುವುದು ಬಹುಪಾಲು ನಿಂತಿತು. ಆದರೆ ಎಂಟು ಗಂಟೆಯ ಜಗಳ ಹಾಗೆಯೇ ಉಳಿಯಿತು. ಆಗ ತಿಳಿಯಿತು, ನಮ್ಮಲ್ಲಿ ಇದ್ದದ್ದು ಒಂದರೊಳಗೆ ಹೆಣೆದುಕೊಂಡ ಎರಡು ತೊಂದರೆ.

ಹದಿನಾಲ್ಕು ರಾತ್ರಿಗಳ ನೋಟ್‌ಪುಸ್ತಕ

ಎರಡನೆಯದಕ್ಕೆ ಮದ್ದು ನೋಟ್‌ಪುಸ್ತಕದಿಂದ ಶುರುವಾಯಿತು. ಎರಡು ವಾರ ಏನನ್ನೂ ಬದಲಾಯಿಸಬೇಡಿ, ಬರೀ ಬರೆಯಿರಿ ಎಂದರು. ದಿನಕ್ಕೆ ಐದೇ ಸಂಗತಿ: ದೀಪ ಆರಿಸಿದ ಹೊತ್ತು, ನಿಜಕ್ಕೂ ನಿದ್ದೆ ಹತ್ತಿದ ಹೊತ್ತು, ನಡುರಾತ್ರಿ ಎದ್ದದ್ದು, ಬೆಳಿಗ್ಗೆ ಎದ್ದ ಹೊತ್ತು, ಹಗಲಿನ ತೂಕಡಿಕೆ. ನಿದ್ದೆ ಹತ್ತಿದ ಹೊತ್ತಿನ ಮೊದಲ ವಾರದ ಅಂಕಿಗಳು ಇವು: ಸೋಮವಾರ 10:05, ಮಂಗಳವಾರ 9:50, ಬುಧವಾರ 10:10, ಗುರುವಾರ 9:45, ಶುಕ್ರವಾರ 10:40, ಶನಿವಾರ 10:50, ಭಾನುವಾರ 10:30. ಎರಡನೆಯ ವಾರವೂ ಇದೇ ಅಚ್ಚು. ಸರಾಸರಿ 10:15.

ಅಂಕಿಗಳನ್ನು ನೋಡುತ್ತಾ ಕೂತಾಗ ಮೂರು ವಿಷಯ ಹೊಳೆದವು. ನಾವು ಎಂಟಕ್ಕೆ ದೀಪ ಆರಿಸಿದರೂ ಅವನು ಒಂದು ದಿನವೂ 9:45ಕ್ಕಿಂತ ಮುಂಚೆ ಮಲಗಿರಲಿಲ್ಲ. ಅಂದರೆ ನಮ್ಮ ಆ ಒಂದು ಮುಕ್ಕಾಲು ಗಂಟೆಯ ದಿನನಿತ್ಯದ ಹೋರಾಟದಿಂದ ಒಂದು ನಿಮಿಷದ ನಿದ್ದೆಯೂ ಸಿಕ್ಕಿರಲಿಲ್ಲ. ಎರಡನೆಯದು, ವಾರಾಂತ್ಯದಲ್ಲಿ 'ಪಾಪ, ಮಲಗಲಿ' ಎಂದು ಒಂಬತ್ತು, ಒಂಬತ್ತೂವರೆಯವರೆಗೆ ಬಿಡುತ್ತಿದ್ದೆವು. ಭಾನುವಾರ ರಾತ್ರಿ ಅವನಿಗೆ ಹತ್ತೂವರೆಯಾದರೂ ನಿದ್ದೆ ಬಾರದಿದ್ದುದಕ್ಕೆ ಕಾರಣ ಅದೇ. ಮೂರನೆಯದು ನಮ್ಮ ಫೋನ್. ಇಲ್ಲಿಯ ರಾತ್ರಿ ಒಂಬತ್ತು ಎಂದರೆ ಊರಿನಲ್ಲಿ ಬೇಸಿಗೆಯಾದರೆ ಬೆಳಿಗ್ಗೆ ಆರೂವರೆ, ಚಳಿಗಾಲವಾದರೆ ಏಳೂವರೆ. ನನ್ನ ಮಾವನವರು ಕಾಫಿ ಕುಡಿಯುತ್ತಾ ಮೊಮ್ಮಗನನ್ನು ನೋಡಲು ವಿಡಿಯೋ ಕರೆ ಮಾಡುವ ಹೊತ್ತು ಅದು. ಹಾಸಿಗೆಯಿಂದ ಎದ್ದು ಬಂದರೆ ತಾತ ಸಿಗುತ್ತಾರೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪರದೆಯ ಬೆಳಕು ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ ಎನ್ನುತ್ತಾರೆ, ಅದು ನಿಜ. ಬೆಳಕಿಗಿಂತ ಹೆಚ್ಚಾಗಿ ತಾತನ ನಗುವೇ ಅವನನ್ನು ಎಬ್ಬಿಸುತ್ತಿತ್ತು. ಕರೆಯನ್ನು ಶನಿವಾರ ಮತ್ತು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬದಲಾಯಿಸಿದೆವು. ಅಲ್ಲಿ ಸಂಜೆ, ತಾತನಿಗೂ ಬಿಡುವು.

ಹಾಸಿಗೆಯನ್ನು ತಡ ಮಾಡುವುದು, ಆಮೇಲೆ ಹಿಂದಕ್ಕೆ ತರುವುದು

ನಮಗೆ ಹೇಳಿಕೊಟ್ಟ ಕ್ರಮದ ಮೂಲ ಹಳೆಯದು. ಬೆಳವಣಿಗೆಯ ತೊಂದರೆ ಇರುವ ಮಕ್ಕಳ ಮೇಲೆ ಇದನ್ನು ಮಾಡಿ ತೋರಿಸಿ 1991ರಲ್ಲಿ ಪ್ರಕಟಿಸಿದವರು ಕ್ಯಾಥಲೀನ್ ಪಿಯಾಝಾ ಮತ್ತು ವೇಯ್ನ್ ಫಿಶರ್. ಸರಾಸರಿ ನಿದ್ದೆ ಹತ್ತುವ ಹೊತ್ತಿಗೆ ಅರ್ಧ ಗಂಟೆ ಸೇರಿಸಿ, ಆ ಹೊತ್ತಿಗೆ ಮಾತ್ರ ಮಗುವನ್ನು ಹಾಸಿಗೆಗೆ ಕಳಿಸಬೇಕು. ಕಾಲು ಗಂಟೆಯೊಳಗೆ ನಿದ್ದೆ ಹತ್ತಿದರೆ ಮರುದಿನ ಅರ್ಧ ಗಂಟೆ ಮುಂಚೆ. ಹತ್ತದಿದ್ದರೆ ಮರುದಿನ ಅರ್ಧ ಗಂಟೆ ತಡ. ಅವರ ವಿಧಾನದಲ್ಲಿ, ನಿದ್ದೆ ಬಾರದ ಮಗುವನ್ನು ಹಾಸಿಗೆಯಿಂದ ಎಬ್ಬಿಸಿ ಒಂದು ಗಂಟೆ ಎಚ್ಚರವಾಗಿಟ್ಟು ಮತ್ತೆ ಮಲಗಿಸುವ ಭಾಗವೂ ಇತ್ತು. ನಮಗೆ ಸೂಚಿಸಿದ್ದು ಮೆದುವಾದ ರೂಪ: ಕಾಲು ಗಂಟೆಯ ಹೆಜ್ಜೆ, ಪ್ರತಿ ಹೆಜ್ಜೆಯಲ್ಲಿ ಎರಡು ರಾತ್ರಿ, ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬಾರದಿದ್ದರೆ ಎಬ್ಬಿಸಿ ಹಾಲ್‌ನ ಮಂದ ದೀಪದಲ್ಲಿ ಅರ್ಧ ಗಂಟೆ ಸಪ್ಪೆ ಕೆಲಸ. ಹಾಸಿಗೆಯಲ್ಲಿ ಎಚ್ಚರವಾಗಿರುವ ಹೊತ್ತನ್ನು ಕಡಿಮೆ ಮಾಡುವುದೇ ಎರಡರ ಗುರಿ.

ಒಂದೇ ಒಂದು ಸಂಗತಿ ಮಾತ್ರ ಕಲ್ಲಿನಂತೆ ಸ್ಥಿರ: ಏಳುವ ಹೊತ್ತು. ನಮ್ಮದು 6:45. ರಜೆಯಿರಲಿ, ಹಬ್ಬವಿರಲಿ, ರಾತ್ರಿ ಎಷ್ಟು ಹೊತ್ತಿಗೇ ಮಲಗಿರಲಿ, 6:45ಕ್ಕೆ ಪರದೆ ಸರಿಸಿ ಎಬ್ಬಿಸುವುದು. ಬೆಳಗಿನ ಬೆಳಕು ಗಡಿಯಾರವನ್ನು ಮುಂಚಿತಕ್ಕೆ ಎಳೆಯುತ್ತದೆ, ಮತ್ತು ನಿದ್ದೆಯ ಹಸಿವು ದಿನವೂ ಒಂದೇ ಹೊತ್ತಿನಿಂದ ಬೆಳೆಯಲು ಶುರುವಾಗುತ್ತದೆ. ಈ ಒಂದು ಗೂಟ ಸಡಿಲವಾದರೆ ಉಳಿದದ್ದೆಲ್ಲ ಬಿದ್ದಂತೆ.

10:15ಕ್ಕೆ ಅರ್ಧ ಗಂಟೆ ಸೇರಿಸಿ 10:45ಕ್ಕೆ ಶುರು ಮಾಡಿದೆವು. ಏಳು ವರ್ಷದ ಮಗುವನ್ನು ರಾತ್ರಿ 10:45ರವರೆಗೆ ಎಚ್ಚರವಾಗಿಡುವುದು ಪಾಪವೆನಿಸುತ್ತಿತ್ತು. ಹತ್ತರಿಂದ ಮುಕ್ಕಾಲು ಗಂಟೆ ಒಂದೇ ಕ್ರಮ: ಬಿಸಿನೀರಿನ ಸ್ನಾನ, ಲೇಬಲ್ ಕತ್ತರಿಸಿದ ಹಳೆಯ ಹತ್ತಿ ಪೈಜಾಮ, ಮಂದ ದೀಪದಲ್ಲಿ ಹಾಲ್‌ನಲ್ಲಿ ಕೂತು ರೈಲಿನ ಚಿತ್ರಗಳ ಪುಸ್ತಕ. ಇಷ್ಟನ್ನೂ ಚಿತ್ರದ ಕಾರ್ಡುಗಳಾಗಿ ಗೋಡೆಗೆ ಸಾಲಾಗಿ ಅಂಟಿಸಿದ್ದೆವು. ಮುಗಿದದ್ದನ್ನು ಅವನೇ ಕಿತ್ತು ಡಬ್ಬಿಗೆ ಹಾಕುತ್ತಿದ್ದ. ನಮ್ಮ ಬಾಯಿಮಾತಿಗಿಂತ ಆ ಕಾರ್ಡುಗಳ ಮಾತು ಅವನಿಗೆ ಬೇಗ ತಲುಪುತ್ತಿತ್ತು. ಕೋಣೆಗೆ ಕಾಲಿಡುವುದು 10:45ಕ್ಕೆ ಮಾತ್ರ. ಹಾಸಿಗೆಯಲ್ಲಿ ಆಟವಿಲ್ಲ, ಪುಸ್ತಕವಿಲ್ಲ.

ಮೊದಲ ರಾತ್ರಿ ಹತ್ತು ನಿಮಿಷದಲ್ಲಿ ಮಲಗಿದ. ನೀರಿಲ್ಲ, ಅಳುವಿಲ್ಲ. ನನ್ನ ಹೆಂಡತಿ ಬಾಗಿಲ ಹೊರಗೆ ಕೂತು ಮತ್ತೆ ಏಳುತ್ತಾನೇನೋ ಎಂದು ಅರ್ಧ ಗಂಟೆ ಕಾದಳು. ಆಮೇಲಿನ ಲೆಕ್ಕ ಹೀಗೆ ಹೋಯಿತು: 3 ಮತ್ತು 4ನೆಯ ರಾತ್ರಿ 10:30, 5 ಮತ್ತು 6ನೆಯದು 10:15, 7 ಮತ್ತು 8ನೆಯದು 10:00, 9ನೆಯ ರಾತ್ರಿ 9:45. ಎಲ್ಲವೂ ಸಲೀಸು. ಹತ್ತನೆಯ ರಾತ್ರಿ ಅದೇ 9:45ಕ್ಕೆ ಮಲಗಿಸಿದರೆ ಇಪ್ಪತ್ತು ನಿಮಿಷವಾದರೂ ನಿದ್ದೆಯಿಲ್ಲ. ಎಬ್ಬಿಸಿ ಹಾಲ್‌ನಲ್ಲಿ ಕೂರಿಸಿ ಕಾಲುಚೀಲಗಳ ಜೋಡಿ ಹುಡುಕಲು ಕೊಟ್ಟು, ಅರ್ಧ ಗಂಟೆಯ ಮೇಲೆ ಮತ್ತೆ ಮಲಗಿಸಿದೆವು. ಮರುದಿನ ವಿಚಾರಿಸಿದರೆ, ಶಾಲೆಯ ಬಸ್ಸಿನಲ್ಲಿ ಮನೆಗೆ ಬರುವಾಗ 25 ನಿಮಿಷ ನಿದ್ದೆ ಮಾಡಿದ್ದ. ಸಂಜೆ ನಾಲ್ಕರ ಆ ಚಿಕ್ಕ ತೂಕಡಿಕೆ ದಿನವಿಡೀ ಕೂಡಿದ್ದ ಹಸಿವನ್ನು ತಿಂದುಹಾಕಿತ್ತು. ಬಸ್ಸಿನ ಸಹಾಯಕಿಗೆ ಅವನನ್ನು ಕಿಟಕಿಯ ಪಕ್ಕ ಕೂರಿಸಿ ಮಾತಾಡಿಸುತ್ತಿರಲು ಕೇಳಿಕೊಂಡೆವು. ಎರಡು ರಾತ್ರಿ ಹತ್ತಕ್ಕೆ ಹಿಂತಿರುಗಿ, 13ನೆಯ ರಾತ್ರಿಯಿಂದ ಮತ್ತೆ 9:45, 15ರಿಂದ 9:30, 17ರಿಂದ 9:15. 19ನೆಯ ಮತ್ತು 20ನೆಯ ರಾತ್ರಿ 9:00ಕ್ಕೆ ಇಳಿಸಿದಾಗ ಎರಡೂ ದಿನ ಇಪ್ಪತ್ತು ನಿಮಿಷ ದಾಟಿತು. ಹಗಲಿನ ತೂಕಡಿಕೆ ಇರಲಿಲ್ಲ. ಬಸ್ಸಿನ ನೆಪವಿಲ್ಲದೆ ಹೀಗೆ ಎರಡು ಸಲ ತಡೆದರೆ ಅದು ಮಗುವಿನ ಈಗಿನ ಗಡಿ ಎಂದು ತಿಳಿಯಬೇಕು. 21ನೆಯ ರಾತ್ರಿ 9:15ಕ್ಕೆ ಮರಳಿ, ಅಲ್ಲಿಯೇ ನಿಂತೆವು.

ಸಿಕ್ಕಿದ್ದೇನು ಎಂದು ಪ್ರಾಮಾಣಿಕವಾಗಿ ಹೇಳಬೇಕು. ಮೊದಲು ಶಾಲೆಯ ಹಿಂದಿನ ರಾತ್ರಿಗಳಲ್ಲಿ ಅವನ ನಿದ್ದೆ ಸುಮಾರು 8 ಗಂಟೆ 40 ನಿಮಿಷ, ಈಗ 9 ಗಂಟೆ 20 ನಿಮಿಷ. ಹೆಚ್ಚಾದದ್ದು ನಲವತ್ತು ನಿಮಿಷ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ಬೇಕು ಎಂದು ಅಮೆರಿಕದ ನಿದ್ದೆ ವೈದ್ಯರ ಅಕಾಡೆಮಿ ಹೇಳುವ ಮಿತಿಯೊಳಗೆ ಹೇಗೋ ಬಂದೆವು. ದೊಡ್ಡ ಬದಲಾವಣೆ ಹಾಸಿಗೆಯಲ್ಲಿ ಎಚ್ಚರವಾಗಿರುತ್ತಿದ್ದ ಹೊತ್ತಿನದು: ಎರಡೂ ಕಾಲು ಗಂಟೆ ಇದ್ದದ್ದು ಹತ್ತು ನಿಮಿಷಕ್ಕೆ ಇಳಿಯಿತು.

ಜೊತೆಯಲ್ಲಿ ಮಲಗುವುದು ತಪ್ಪೇ?

ಇಲ್ಲಿಯ ಪುಸ್ತಕಗಳು ಮಗು ಬೇರೆ ಕೋಣೆಯಲ್ಲಿ ಒಂಟಿಯಾಗಿ ಮಲಗಬೇಕು ಎಂದು ಹಿಡಿದುಕೊಂಡು ಬರೆದಿರುತ್ತವೆ. ನಮ್ಮಲ್ಲಿ ಅನೇಕರು ಅಜ್ಜಿಯ ಸೆರಗು ಹಿಡಿದು ಮಲಗಿ ಬೆಳೆದವರು. ಜೊತೆಯಲ್ಲಿ ಮಲಗುವುದೇ ತೊಂದರೆಯಲ್ಲ. ಯಾರ ನಿದ್ದೆಯೂ ರಾತ್ರಿಯಿಡೀ ಒಂದೇ ಹೆಣೆಯಲ್ಲಿ ಇರುವುದಿಲ್ಲ. ಪ್ರತಿ ಸುತ್ತಿನ ಕೊನೆಗೆ ನಾವೆಲ್ಲರೂ ಒಂದಿಷ್ಟು ಎಚ್ಚರಗೊಂಡು, ಸುತ್ತಲಿನದು ಮಲಗಿದಾಗ ಇದ್ದಂತೆಯೇ ಇದೆ ಎಂದು ಕಂಡು ಮತ್ತೆ ಜಾರುತ್ತೇವೆ. ಮಗು ಅಮ್ಮನ ತೋಳಿನ ಮೇಲೆ ಮಲಗಿ, ಎರಡು ಗಂಟೆಗೆ ಅರೆ ಎಚ್ಚರವಾದಾಗ ತೋಳು ಇಲ್ಲದಿದ್ದರೆ ಪೂರ್ತಿ ಎಚ್ಚರವಾಗುತ್ತದೆ. ಹತ್ತು ಗಂಟೆಗೆ ಇದ್ದದ್ದು ಎರಡು ಗಂಟೆಗೂ ಇರಬೇಕು, ನಿಯಮ ಅಷ್ಟೇ. ಇಡೀ ರಾತ್ರಿ ಜೊತೆಯಲ್ಲಿ ಮಲಗುವ ಮನೆಯಲ್ಲಿ ಇದು ತೊಂದರೆಯೇ ಆಗದು. ಮಲಗಿಸಿ ಎದ್ದುಹೋಗುವ ಮನೆಯಲ್ಲಿ ಮಾತ್ರ ತೊಂದರೆ. ನಾವು ಎರಡನೆಯ ಬಗೆಯವರು. 9:15 ಗಟ್ಟಿಯಾದ ಮೇಲೆ ನನ್ನ ಹೆಂಡತಿ ಮೊದಲು ಹಾಸಿಗೆಯ ಅಂಚಿಗೆ, ನಾಲ್ಕು ದಿನ ಬಿಟ್ಟು ಪಕ್ಕದ ಕುರ್ಚಿಗೆ, ಆಮೇಲೆ ಬಾಗಿಲ ಬಳಿಗೆ ಸರಿದಳು. ಅವಳ ಬದಲಿಗೆ ಅಜ್ಜಿಯ ಹಳೆಯ ಹತ್ತಿ ಸೀರೆಯನ್ನು ಮಡಿಸಿ ಕೊಟ್ಟೆವು. ಅದು ಬೆಳಗಿನವರೆಗೂ ಅಲ್ಲಿಯೇ ಇರುತ್ತದೆ.

ಇದರ ನಡುವೆ ಕೋಣೆಯಿಂದ ಎದ್ದು ಬರುವುದು ಮತ್ತೆ ತಲೆ ಎತ್ತಿತು. ಅದಕ್ಕೆ ಪ್ಯಾಟ್ರಿಕ್ ಫ್ರೈಮನ್ ಮತ್ತು ಸಂಗಡಿಗರು 1999ರಲ್ಲಿ ವಿವರಿಸಿದ ಒಂದು ಸರಳ ಉಪಾಯ ಬಳಸಿದೆವು. ಮಗುವಿಗೆ ಒಂದು ಕಾರ್ಡು ಕೊಡುವುದು. ಅದನ್ನು ಕೊಟ್ಟು ಒಂದು ಸಲ ಹೊರಗೆ ಬರಬಹುದು, ಒಂದು ಲೋಟ ನೀರೋ ಒಂದು ಅಪ್ಪುಗೆಯೋ ಪಡೆಯಬಹುದು. ಕಾರ್ಡು ಕೊಟ್ಟಾದ ಮೇಲೆ ಎದ್ದು ಬಂದರೆ ಮಾತಿಲ್ಲದೆ, ಕೋಪವಿಲ್ಲದೆ ಕೈಹಿಡಿದು ವಾಪಸ್. ನಮ್ಮವನ ಕಾರ್ಡು ರೈಲು ಟಿಕೆಟ್ಟಿನ ಆಕಾರದ್ದು. ಮೊದಲ ಮೂರು ರಾತ್ರಿ ಟಿಕೆಟ್ ಮುಗಿದ ಮೇಲೆ ಹಿಂದೆಂದಿಗಿಂತ ಹೆಚ್ಚು ಸಲ ಎದ್ದು ಬಂದ. ಇದಕ್ಕೆ ಸಿದ್ಧರಿರಬೇಕು. ಇಷ್ಟು ದಿನ ಫಲ ಕೊಟ್ಟ ಕೆಲಸ ಥಟ್ಟನೆ ಫಲ ಕೊಡದಿದ್ದಾಗ ಮಗು ಅದನ್ನೇ ಜೋರಾಗಿ ಮಾಡಿ ನೋಡುತ್ತದೆ. ಆ ಹೊತ್ತಿನಲ್ಲಿ ಸೋತು ಹತ್ತನೆಯ ಸಲ ನೀರು ಕೊಟ್ಟರೆ, ಹತ್ತು ಸಲ ಎದ್ದರೆ ಸಿಗುತ್ತದೆ ಎಂದು ನಾವೇ ಕಲಿಸಿದಂತೆ. ನಾಲ್ಕನೆಯ ರಾತ್ರಿ ತಗ್ಗಿತು. ಒಂದು ವಾರದ ನಂತರ ಟಿಕೆಟ್ಟನ್ನು ಖರ್ಚು ಮಾಡದೆ ದಿಂಬಿನ ಕೆಳಗೆ ಕೂಡಿಡತೊಡಗಿದ. ಹೇಳಿದ್ದು ಅರ್ಥವಾಗುವ ಮಗುವಿಗೆ ಮಾತ್ರ ಈ ಉಪಾಯ. ಒಂದು ಕೊಟ್ಟರೆ ಇನ್ನೊಂದು ಸಿಗುತ್ತದೆ ಎಂಬುದು ಇನ್ನೂ ತಿಳಿಯದ ಮಗುವಿಗೆ ಇದು ಬರೀ ಕಾಗದ.

ಮೆಲಟೋನಿನ್ ಎಂಬ ಗಮ್ಮಿ

ಅಮೆರಿಕದ ನಮ್ಮ ಮನೆಗಳಲ್ಲಿ ಬಹಳ ಬೇಗ ಕೈಗೆ ಸಿಗುವುದು ಇದು. ಮೆಲಟೋನಿನ್ ಕತ್ತಲಾದಾಗ ಮಿದುಳು ತಾನೇ ಸುರಿಸುವ ಹಾರ್ಮೋನು. ರಾತ್ರಿಯಾಯಿತು ಎಂದು ದೇಹಕ್ಕೆ ಸಾರುವ ಡಂಗುರ. ಅರಿವಳಿಕೆಯಂತೆ ಕೆಡವುವ ಔಷಧಿಯಲ್ಲ. ಆಟಿಸಂ ಇರುವ ಮಕ್ಕಳ ನಿದ್ರಾಹೀನತೆಯ ಬಗ್ಗೆ ಅಮೆರಿಕದ ನರವೈದ್ಯರ ಅಕಾಡೆಮಿ 2020ರಲ್ಲಿ ಕೊಟ್ಟ ಮಾರ್ಗದರ್ಶನದಲ್ಲಿ, ಮೊದಲು ಮೇಲೆ ಹೇಳಿದಂಥ ನಡವಳಿಕೆಯ ಕ್ರಮಗಳು. ಅವು ಸಾಲದಿದ್ದರೆ ವೈದ್ಯರ ಸಲಹೆಯಂತೆ 1ರಿಂದ 3 ಮಿಲಿಗ್ರಾಂ, ಮಲಗುವ 30ರಿಂದ 60 ನಿಮಿಷ ಮುಂಚೆ. ಏರಿಸಿದರೂ ದಿನಕ್ಕೆ 10 ಮಿಲಿಗ್ರಾಂ ದಾಟಬಾರದು. ನಿದ್ದೆ ಹತ್ತಲು ಇದು ಸಹಾಯ ಮಾಡುತ್ತದೆ. ನಡುರಾತ್ರಿ ಎಚ್ಚರವಾಗುವುದಕ್ಕೆ ಸಾಮಾನ್ಯ ಗುಳಿಗೆಯಿಂದ ಅಷ್ಟು ಉಪಯೋಗವಿಲ್ಲ, ಏಕೆಂದರೆ ಅದು ರಕ್ತದಿಂದ ಬೇಗ ಇಳಿದುಹೋಗುತ್ತದೆ.

ತೊಂದರೆ ಬಾಟಲಿಯಲ್ಲಿದೆ. ಇಲ್ಲಿ ಇದು ಔಷಧಿಯಾಗಿ ಮಾರಾಟವಾಗುವುದಿಲ್ಲ, ಆಹಾರಪೂರಕವಾಗಿ ಸಿಗುತ್ತದೆ. ಆದ್ದರಿಂದ ಔಷಧಿಗಿರುವ ಪರೀಕ್ಷೆ ಇದಕ್ಕಿಲ್ಲ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2023ರಲ್ಲಿ ಬಂದ ಒಂದು ವರದಿಗಾಗಿ 25 ಬಗೆಯ ಗಮ್ಮಿಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 22ರ ಲೇಬಲ್ ತಪ್ಪಾಗಿತ್ತು. ಮೆಲಟೋನಿನ್ ಇದ್ದವುಗಳಲ್ಲಿ ಅದರ ಪ್ರಮಾಣ ಬರೆದದ್ದರ ಶೇಕಡಾ 74ರಿಂದ 347ರವರೆಗೆ ಇತ್ತು. ಒಂದರಲ್ಲಿ ಅದು ಇರಲೇ ಇಲ್ಲ. 'ನಿನ್ನೆ ಕೆಲಸ ಮಾಡಿತು, ಇವತ್ತು ಇಲ್ಲ' ಎಂಬ ದೂರಿಗೆ ಇದೂ ಒಂದು ಕಾರಣವಿರಬಹುದು. ಕೊಳ್ಳುವುದಾದರೆ ಯು.ಎಸ್.ಪಿ. ಪರಿಶೀಲಿತ ಎಂಬ ಮುದ್ರೆ ನೋಡಿ, ಒಂದೇ ಬ್ರಾಂಡ್ ಮುಂದುವರಿಸಿ. ಮಿಠಾಯಿಯಂತೆ ಕಾಣುವುದರಿಂದ ಬೀಗದೊಳಗೆ ಇಡಿ. ಮಕ್ಕಳು ಮೆಲಟೋನಿನ್ ನುಂಗಿದ್ದಕ್ಕಾಗಿ ಇಲ್ಲಿಯ ವಿಷ ಮಾಹಿತಿ ಕೇಂದ್ರಗಳಿಗೆ ಬಂದ ವರದಿಗಳು 2012ರಿಂದ 2021ರ ನಡುವೆ ಆರು ಪಟ್ಟಿಗೂ ಹೆಚ್ಚಾದವು. ಆ ಕೇಂದ್ರದ ಸಂಖ್ಯೆ 1-800-222-1222 ಫ್ರಿಜ್ಜಿನ ಮೇಲೆ ಇರಲಿ. ಊರಿನಿಂದ ಬರುವವರ ಕೈಲಿ ಗುಳಿಗೆ ತರಿಸಿಕೊಳ್ಳುವ, ಇಲ್ಲಿಂದ ಕಳಿಸಿಕೊಡುವ ಅಭ್ಯಾಸವನ್ನೂ ಈ ವಿಷಯದಲ್ಲಿ ಬಿಡುವುದು ಒಳ್ಳೆಯದು.

ಎಲ್ಲಿ ಈ ಲೆಕ್ಕ ನಡೆಯದು

ಫಿಟ್ಸ್ ಇರುವ ಮಗುವಿನಲ್ಲಿ ನಿದ್ದೆ ಕಡಿಮೆಯಾದರೆ ಫಿಟ್ಸ್ ಬರಬಹುದು. ನರವೈದ್ಯರನ್ನು ಕೇಳದೆ ಹಾಸಿಗೆಯನ್ನು ತಡ ಮಾಡಬೇಡಿ. ಕತ್ತಲೆಗೆ, ಒಂಟಿತನಕ್ಕೆ ನಿಜವಾಗಿ ಹೆದರುವ ಮಗುವಿಗೆ ಮೊದಲು ಹೆದರಿಕೆಗೆ ಸಹಾಯ ಬೇಕು. ಮೊದಲ ವಾರ ಮಗು ಹಗಲಿನಲ್ಲಿ ಒಂದಿಷ್ಟು ಸಿಡುಕುತ್ತದೆ. ಅದು ನಿರೀಕ್ಷಿತ, ಟೀಚರಿಗೆ ಮುಂಚೆಯೇ ಹೇಳಿಡಿ. ಆದರೆ ನಾಲ್ಕು ವಾರವಾದರೂ ಅಂಕಿಗಳು ಕದಲದಿದ್ದರೆ ಲೆಕ್ಕದಲ್ಲಿ ಕಾಣದ ಇನ್ನೇನೋ ಇದೆ. ಆಗ ನೋಟ್‌ಪುಸ್ತಕವನ್ನೇ ವೈದ್ಯರ ಮುಂದಿಡಿ. 'ನಮ್ಮ ಮಗು ಮಲಗುವುದೇ ಇಲ್ಲ' ಎಂಬ ಮಾತಿಗಿಂತ ಹದಿನಾಲ್ಕು ಸಾಲಿನ ಅಂಕಿ ಅವರಿಗೆ ಹೆಚ್ಚು ಹೇಳುತ್ತದೆ.

ಇನ್ನು ಊರಿಗೆ ಹೋಗಿಬರುವುದು. ಒಂಬತ್ತೂವರೆ ಹತ್ತೂವರೆ ಗಂಟೆಯ ಅಂತರದಲ್ಲಿ ಹಗಲು ರಾತ್ರಿಗಳೇ ಅದಲುಬದಲು. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ಕಳೆದ ಬೇಸಿಗೆಯಲ್ಲಿ ಮೈಸೂರಿನಿಂದ ಹಿಂತಿರುಗಿದ ಮೇಲೆ ಎಲ್ಲವೂ ಮೊದಲಿನಂತೆ ಕದಡಿತು. ನಾವು ಎಂಟಕ್ಕೆ ದೀಪ ಆರಿಸುವ ತಪ್ಪು ಮಾಡಲಿಲ್ಲ. 6:45ರ ಗೂಟ ನೆಟ್ಟು, ನೋಟ್‌ಪುಸ್ತಕ ತೆಗೆದು, ನಿದ್ದೆ ಬರುವ ಹೊತ್ತಿನಿಂದಲೇ ಶುರು ಮಾಡಿದೆವು. ಒಂಬತ್ತು ದಿನದಲ್ಲಿ 9:15ಕ್ಕೆ ಮರಳಿದ.

ಆ ಒಂಬತ್ತನೆಯ ರಾತ್ರಿ ಮೈಸೂರಿನಲ್ಲಿ ಬೆಳಗಾಗಿತ್ತು. ಮಗ ಮಲಗಿದ ಎಂದು ನಮ್ಮ ತಾಯಿಗೆ ಫೋನ್ ಮಾಡಿ, ಈ ಲೆಕ್ಕವನ್ನೆಲ್ಲ ಮೊದಲ ಬಾರಿಗೆ ವಿವರವಾಗಿ ಹೇಳಿದೆ. ಪೂರ್ತಿ ಕೇಳಿದ ಮೇಲೆ ಅವರು ಹೇಳಿದ್ದು ಇಷ್ಟೆ: "ನಾನೂ ಅದೇ ಅಲ್ವೇನೋ ಹೇಳಿದ್ದು? ನೀನು ಬರ್ಕೊಂಡಿರ್ಲಿಲ್ಲ, ಅಷ್ಟೆ."